ಶದ್ದಾ ಕದ್ದವರು ಯಾರು

ಒದ್ದೆ ಜೇಡಿಮಣ್ಣಿನ ವಾಸನೆ ಮೂಗಿಗೆ ಬಡಿದರೆ ಇಂದಿಗೂ ನನಗೆ ಆರು ವರ್ಷವಾಗುತ್ತದೆ. ಅರಬಿ ಅಕ್ಷರ ಕಲಿಸುತ್ತಿದ್ದ ನಮ್ಮ ಸೋದರತ್ತೆ ಮರದ ಹಲಗೆಗೆ ಆ ಮಣ್ಣು ಬಳಿದು, ಬಿಸಿಲಿಗೆ ಒಣಗಿಸಿ, ಅದರ ಮೇಲೆ ಕಡ್ಡಿಯಿಂದ ಬರೆಸುತ್ತಿದ್ದರು. ಅಕ್ಷರ ಬರೆದಾದ ಮೇಲೆ ಗುರುತುಗಳ ಸರದಿ. ಅಕ್ಷರದ ಮೇಲೊಂದು ಓರೆ ಗೀರು ಎಳೆದರೆ ಫತ್ಹಾ, ಅದು ‘ಅ’ಕಾರ. ಅದೇ ಗೀರು ಕೆಳಗೆ ಬಂದರೆ ಕಸ್ರಾ, ‘ಇ’ಕಾರ. ಮೇಲೆ ಪುಟ್ಟ ಕೊಕ್ಕೆ ಹಾಕಿದರೆ ದಮ್ಮಾ, ‘ಉ’ಕಾರ. ಪದದ ಕೊನೆಯಲ್ಲಿ ಗೀರು ಜೋಡಿಯಾದರೆ ತನ್ವೀನ್, ಆಗ ‘ನ್’ ಎಂಬ ಧ್ವನಿ ಸೇರುತ್ತದೆ. ಇನ್ನು ಶದ್ದಾ, ಮೂರು ಹಲ್ಲಿನ ಬಾಚಣಿಗೆಯ ತುಂಡಿನಂಥ ಗುರುತು. ನಮ್ಮ ಒತ್ತಕ್ಷರ ಮಾಡುವ ಕೆಲಸವನ್ನೇ ಅದೂ ಮಾಡುತ್ತದೆ, ಅಕ್ಷರವನ್ನು ಇಮ್ಮಡಿಸುತ್ತದೆ. “ಒತ್ತು ಬಿಟ್ಟರೆ ಅಕ್ಕ ‘ಅಕ’ ಆಗ್ತಾಳೆ, ಗೊತ್ತಾಯ್ತಾ?” ಎಂದು ಅತ್ತೆ ತಲೆಗೊಂದು ಮೊಟಕುತ್ತಿದ್ದರು.

ಶಾಲೆಯಿಂದ ನಿವೃತ್ತಿಯಾದ ಮೇಲೆ ಪಠ್ಯಪುಸ್ತಕ ಅಚ್ಚು ಹಾಕುವ ಒಂದು ಸಣ್ಣ ಮುದ್ರಣಾಲಯಕ್ಕೆ ಹೋಗತೊಡಗಿದೆ. ಮಕ್ಕಳಿಗೆ ಅರಬಿ ಓದಲು ಕಲಿಸುವ ಪುಸ್ತಕವೊಂದು ಅಲ್ಲಿ ಎರಡು ಭಾಗಗಳಲ್ಲಿ ಬರುತ್ತಿತ್ತು. ಪ್ರತಿ ಪುಟದಲ್ಲೂ ಬಲಗಡೆ ಗುರುತು ಹಾಕಿದ ಅರಬಿ ವಾಕ್ಯ, ಎಡಗಡೆ ಕನ್ನಡದ ಅರ್ಥ. ಕನ್ನಡದ್ದನ್ನು ನೋಡುವುದು ನನ್ನ ಕೆಲಸ. ಅರಬಿಯದು ದೊಡ್ಡಪ್ಪನದು. ಅವರು ನನ್ನ ದೊಡ್ಡಪ್ಪನಲ್ಲ, ಇಡೀ ಮುದ್ರಣಾಲಯದ ದೊಡ್ಡಪ್ಪ. ನಲವತ್ತು ವರ್ಷ ಕರಡು ತಿದ್ದಿದವರು. ಅದಕ್ಕೂ ಮೊದಲು ಅದೇ ಪುಸ್ತಕ ಹಿಡಿದು ಪಾಠ ಹೇಳಿದವರು. ಅವರು ಕೆಂಪು ಶಾಯಿಯಲ್ಲಿ ಸಹಿ ಹಾಕಿದ ಕರಡನ್ನು ಇನ್ನೊಬ್ಬರು ನೋಡುವುದೆಂದರೆ ಅವರ ಮುಖಕ್ಕೆ ಹೊಡೆದ ಹಾಗೆ. ಸಹಿಯಾದ ಕರಡುಗಳು ಅವರ ಬೀರುವಿಗೆ ಹೋಗುತ್ತಿದ್ದವು. ಬೀಗದ ಕೈ ಅವರ ಜೇಬಿನಲ್ಲಿ.

ಒಂದು ಸೋಮವಾರ ಮಾಲೀಕರು ನನ್ನನ್ನು ತಮ್ಮ ಕೋಣೆಗೆ ಕರೆದರು. ಮೇಜಿನ ಮೇಲೆ ಒಂದು ಶಾಲೆಯ ಮುಖ್ಯೋಪಾಧ್ಯಾಯಿನಿಯ ಕಾಗದವಿತ್ತು. ಆಗತಾನೇ ಅಚ್ಚಾಗಿ ಹೋದ ಮೊದಲ ಭಾಗದಲ್ಲಿ ಹದಿನಾಲ್ಕು ಕಡೆ ಗುರುತುಗಳು ಮಾಯವಾಗಿದ್ದವು. ಒಂಬತ್ತು ಶದ್ದಾ, ಮಿಕ್ಕ ಐದು ಕಡೆ ತನ್ವೀನಿನ ಜೋಡಿ ಗೀರಿನಲ್ಲಿ ಒಂದು.

“ಓದಿ ಟೀಚರ್,” ಎಂದರು.

ಕಾಗದ ಓದುತ್ತ ನನಗೆ ನಗು ಬಂತು, ಆದರೆ ಮಾಲೀಕರ ಮುಖ ನೋಡಿ ನುಂಗಿಕೊಂಡೆ. ‘ದರ್ರಸ’ ಎಂದರೆ ಓದಿಸಿದ, ಪಾಠ ಹೇಳಿದ. ‘ರ’ದ ಮೇಲಿನ ಶದ್ದಾ ಹೋದರೆ ‘ದರಸ’, ಅಂದರೆ ಓದಿದ, ಅಧ್ಯಯನ ಮಾಡಿದ. ಹಾಗಾಗಿ ಮಕ್ಕಳು ‘ಮೇಷ್ಟ್ರು ಹುಡುಗರನ್ನು ಅಧ್ಯಯನ ಮಾಡಿದರು’ ಎಂದು ಓದಿದ್ದರು. ‘ಹಮ್ಮಾಮ್’ ಸ್ನಾನದ ಮನೆ, ‘ಹಮಾಮ್’ ಪಾರಿವಾಳಗಳು. ಒಬ್ಬ ಹುಡುಗ ಸ್ನಾನದ ಮನೆಗೆ ಹೋಗುವ ಬದಲು ಪಾರಿವಾಳಗಳೊಳಗೆ ಹೋಗಿದ್ದ.

“ನಗೋ ವಿಷಯ ಅಲ್ಲ,” ಎಂದರು ಮಾಲೀಕರು. “ದೊಡ್ಡವರಿಗಾದ್ರೆ ಪರವಾಗಿಲ್ಲ. ಅರಬಿ ಪೇಪರ್‌ನಲ್ಲಿ ಗುರುತೇ ಇರಲ್ಲ, ಅವರು ಅಂದಾಜಿನ ಮೇಲೆ ಓದ್ಕೋತಾರೆ. ಮಕ್ಕಳು ಕಂಡಿದ್ದನ್ನೇ ಓದ್ತವೆ. ದೊಡ್ಡಪ್ಪ ಸಹಿ ಹಾಕಿದ್ದಾರೆ ಅಂದ್ಮೇಲೆ ಕರಡಿನಲ್ಲಿ ಎಲ್ಲ ಇದ್ದೇ ಇರುತ್ತೆ. ಆಮೇಲೆ ಯಾರೋ ತೆಗೆದಿದ್ದಾರೆ.”

“ಯಾರು ತೆಗೀತಾರೆ? ಯಾಕೆ ತೆಗೀತಾರೆ?”

ಮಾಲೀಕರು ದನಿ ತಗ್ಗಿಸಿದರು. “ಫೈಲು ಕೊನೇಗೆ ತೆಗೆದು ಮತ್ತೆ ಸೇವ್ ಮಾಡಿರೋದು ಕೆಳಗಿನ ಕಂಪ್ಯೂಟರ್‌ನಲ್ಲಿ. ಚುಕ್ಕಿ ಕೂರೋ ಜಾಗ.”

ಚುಕ್ಕಿ ಎಂದರೆ ಪುಟಗಳ ಫಿಲ್ಮು ತೆಗೆದು, ಅದರಿಂದ ಅಚ್ಚಿನ ಪ್ಲೇಟು ಮಾಡುವವನು. ವಯಸ್ಸು ಐವತ್ತಕ್ಕೆ ಹತ್ತಿರ. ಫಿಲ್ಮಿನ ಮೇಲೆ ಧೂಳು ಕೂತು ಬೀಳುವ ಚುಕ್ಕಿಗಳನ್ನು ಸಣ್ಣ ಕುಂಚದಿಂದ ಮುಚ್ಚುತ್ತಾನೆಂದು ಆ ಹೆಸರು. ನಮ್ಮಲ್ಲಿಗೆ ಬಂದು ಎಂಟು ತಿಂಗಳಾಗಿತ್ತು. ಮೊದಲಿದ್ದ ಕಡೆ ಇದೇ ಥರದ ಪುಸ್ತಕ ಅಚ್ಚಾಗುತ್ತಿತ್ತು ಎಂಬುದು ಎಲ್ಲರಿಗೂ ಗೊತ್ತಿತ್ತು. ಅಂದಿನವರೆಗೆ ಅದು ಅವನ ಅನುಭವವೆನಿಸಿತ್ತು. ಆ ಸೋಮವಾರದಿಂದ ಅದೇ ಅವನ ಮೇಲಿನ ಆರೋಪವಾಯಿತು, ಹಳೆಯ ಜಾಗದವರಿಗಾಗಿ ನಮ್ಮ ಪುಸ್ತಕ ಕೆಡಿಸುತ್ತಿದ್ದಾನೆ ಎಂದು.

“ಎರಡನೇ ಭಾಗ ಈ ವಾರ ಕರಡಿಗೆ ಬರ್ತಿದೆ. ನೀವು ಮೇಲೆ ಕೂತು ಕಣ್ಣಿಟ್ಟಿರಿ. ಶನಿವಾರ ಸಾಯಂಕಾಲ ನಾನು ಅವನ ಲೆಕ್ಕ ತೀರಿಸಿ ಕಳಿಸ್ತೀನಿ. ಅವನಲ್ಲ ಅಂತ ನಿಮಗೆ ಅನ್ನಿಸಿದ್ರೆ ಅಷ್ಟರೊಳಗೆ ಹೇಳಿ.”

ಒಬ್ಬ ಮನುಷ್ಯನ ಕೆಲಸ ಆರು ದಿನ ನನ್ನ ಕಣ್ಣಿನ ಮೇಲೆ ನಿಂತಿತು.

ಸಂಶಯ ಕನ್ನಡಕದಂಥದು, ಹಾಕಿಕೊಂಡ ಮೇಲೆ ಅದು ಕಾಣುವುದಿಲ್ಲ. ಚುಕ್ಕಿ ನನ್ನ ಮಂಡಿನೋವು ನೋಡಿ ಬೇರೆ ಪುಸ್ತಕಗಳ ಕರಡಿನ ಕಟ್ಟನ್ನು ತಾನೇ ಮೆಟ್ಟಿಲು ಹತ್ತಿ ತಂದುಕೊಡುತ್ತಿದ್ದ. ಹಿಂದೆಲ್ಲ “ಬದುಕಿರಪ್ಪಾ” ಎನ್ನುತ್ತಿದ್ದೆ. ಈಗ ಕೆಳಗಿನ ಬಾಗಿಲಿನಿಂದ ನನ್ನ ಮೇಜಿಗೆ ಬರಲು ಅವನಿಗೆ ಎಷ್ಟು ಹೊತ್ತು ಹಿಡಿಯಿತೆಂದು ಗಡಿಯಾರ ನೋಡಿದೆ. ನನ್ನ ಕುರ್ಚಿ ಅಲುಗಾಡುತ್ತದೆಂದು ಅವನು ಕಾಲಿನಡಿ ಮರದ ಚಕ್ಕೆ ಇಟ್ಟಿದ್ದ. ಈಗ, ಇದನ್ನಿಡಲು ನಾನಿಲ್ಲದಾಗ ಬಂದಿರಬೇಕಲ್ಲ, ಮೇಜಿನ ಮೇಲೆ ಏನೇನು ನೋಡಿದನೋ ಎನ್ನಿಸಿತು.

ಮಂಗಳವಾರ ಅಕ್ಷರ ಜೋಡಿಸುವವಳ ಹತ್ತಿರ ಹೋದೆ. ಎರಡು ಮಕ್ಕಳ ತಾಯಿ, ಬೆರಳು ಮಾತ್ರ ಮಿಂಚು. ಅರಬಿ ಅವಳಿಗೆ ಬಾರದು. ದೊಡ್ಡಪ್ಪ ಕೊಡುವ ಹಳೆಯ ಪುಸ್ತಕವನ್ನು ಎದುರಿಗಿಟ್ಟುಕೊಂಡು ಆಕಾರ ನೋಡಿ ಜೋಡಿಸುತ್ತಿದ್ದಳು.

“ಕಂಡಿದ್ದೆಲ್ಲ ಹಾಕಿದ್ದೀನಿ ಟೀಚರಮ್ಮ, ಮಕ್ಕಳಾಣೆಗೂ,” ಎಂದಳು. “ಬರಲ್ಲ ಅಂತಾನೇ ನಾನು ಇನ್ನೂ ಹುಷಾರು. ನೊಣ ಕೂತಿದ್ರೂ ಹಾಕಿಬಿಡ್ತೀನಿ.”

“ಚುಕ್ಕಿ ಏನಾದ್ರೂ ಅಂದಿದ್ದನಾ ನಿನ್ನ ಹತ್ರ?”

“ತಮಾಷೆಗೆ ಅಂದಿದ್ದು. ‘ಅಕ್ಕಾ, ಈ ಗೀರು ಕೊಕ್ಕೆ ಎಲ್ಲ ತೆಗೆದುಬಿಟ್ರೆ ಇಬ್ರೂ ಬೇಗ ಮನೆಗೆ ಹೋಗಬಹುದಲ್ಲಾ? ಯಾವುದು ಗುರುತು, ಯಾವುದು ಧೂಳು ಅಂತ ನೋಡಿ ನೋಡಿ ಕಣ್ಣು ಹೋಗ್ತಿದೆ’ ಅಂದ. ನಾನೂ ನಕ್ಕೆ. ಈಗ ಯಾಕೋ ನಗು ಬರ್ತಿಲ್ಲ.”

ನನಗೂ ಬರಲಿಲ್ಲ. ಆ ಮಾತನ್ನು ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡಂತೆ ಮನೆಗೆ ಒಯ್ದೆ.

ಬುಧವಾರ ನಾನೇ ಕೆಳಗಿಳಿದೆ. ಚುಕ್ಕಿ ದೀಪದ ಮೇಜಿನ ಮೇಲೆ ಫಿಲ್ಮು ಹರಡಿ, ಉಸಿರು ಬಿಗಿಹಿಡಿದು ಕುಂಚ ಆಡಿಸುತ್ತಿದ್ದ. ಅದು ಬೇರೆ ಯಾವುದೋ ಪುಸ್ತಕದ್ದು.

“ಅರಬಿ ಪುಟ ಬಂದ್ರೆ ಧೂಳು ಯಾವುದು, ಗುರುತು ಯಾವುದು ಅಂತ ಹೇಗೆ ತಿಳಿಯುತ್ತೆ ನಿನಗೆ?” ಎಂದು ಕೇಳಿದೆ.

ಅವನು ತಲೆಯೆತ್ತಲಿಲ್ಲ. “ಕೇಳೋಕೆ ಬಂದ್ರಾ, ವಿಚಾರಿಸೋಕೆ ಬಂದ್ರಾ, ಟೀಚರಮ್ಮ?”

“ಸುಮ್ನೆ ಕೇಳಿದೆ.”

“ಸುಮ್ನೆ ಯಾರೂ ಈ ಮೆಟ್ಟಿಲು ಇಳಿಯಲ್ಲ, ಅದೂ ನಿಮ್ಮ ಮಂಡಿ ಇಟ್ಕೊಂಡು.” ಕುಂಚವನ್ನು ಬಟ್ಟೆಗೆ ಒರೆಸಿದ. “ಧೂಳಿಗೆ ಅಂಚು ಇರಲ್ಲ. ಗುರುತಿಗೆ ಇರುತ್ತೆ. ಅನುಮಾನ ಬಂದ್ರೆ ನಾನು ಮುಚ್ಚಲ್ಲ, ಹಾಗೇ ಬಿಡ್ತೀನಿ. ಇನ್ನೊಂದು ಕುರ್ಚಿ ಇಲ್ಲ, ಇದ್ರಲ್ಲಿ ಕೂತ್ಕೊಳ್ಳಿ.” ತಾನು ಎದ್ದು ನಿಂತ.

ನಾನು ಕೂರಲಿಲ್ಲ. ಉತ್ತರ ಎಷ್ಟು ಬೇಗ ಬಂತಲ್ಲ, ಮೊದಲೇ ತಯಾರಿಸಿಕೊಂಡಿದ್ದ ಎಂದುಕೊಂಡು ಮೆಟ್ಟಿಲು ಹತ್ತಿದೆ.

ಗುರುವಾರ ನನ್ನ ಉಪಾಯ ಸಿದ್ಧವಾಯಿತು. ಎರಡನೆಯ ಭಾಗದ ಫೈಲು ಇನ್ನೂ ಮೇಲೆ ಅಕ್ಷರ ಜೋಡಿಸುವವಳ ಹತ್ತಿರವೇ ಇತ್ತು, ಕೆಳಗೆ ಹೋಗಿರಲಿಲ್ಲ. ಅದು ಹೋಗುವ ಮೊದಲೇ ದೊಡ್ಡಪ್ಪ ನನ್ನೆದುರಿಗೆ ಕರಡು ಓದಿ ಸಹಿ ಹಾಕಬೇಕು. ಒಂದು ಪ್ರತಿ ನನ್ನ ಚೀಲದಲ್ಲಿರಬೇಕು. ಆಮೇಲೆ ಚುಕ್ಕಿಯ ಪ್ಲೇಟಿನ ಜೊತೆ ತಾಳೆ ನೋಡಿದರೆ ಕಳ್ಳ ತಾನಾಗಿ ಸಿಗುತ್ತಾನೆ. ಶುಕ್ರವಾರ ಬೆಳಿಗ್ಗೆ ದೊಡ್ಡಪ್ಪನಿಗೆ, “ನೀವು ಜೋರಾಗಿ ಓದಿ, ನಾನು ಕೇಳ್ತೀನಿ. ಕನ್ನಡದ ಅರ್ಥ ಸರಿಹೊಂದುತ್ತಾ ನೋಡಬೇಕು,” ಎಂದೆ. ಸುಳ್ಳು ಅಷ್ಟು ಸಲೀಸಾಗಿ ಬಾಯಿಗೆ ಬಂತು.

ಅವರಿಗೆ ಸಂತೋಷವೇ ಆಯಿತು. “ಕೇಳೋರೇ ಇಲ್ಲ ಅಂತಿದ್ದೆ, ನೀನಾದ್ರೂ ಬಂದೆಯಲ್ಲ ತಂಗೀ,” ಎಂದು ಕಿಟಕಿಯ ಹತ್ತಿರದ ಬೆಳಕಿನ ಜಾಗ ನನಗೆ ಬಿಟ್ಟುಕೊಟ್ಟು ತಾವು ಒಳಗೆ ಸರಿದರು. ಒಂದು ಪ್ರತಿ ಅವರ ಕೈಯಲ್ಲಿ, ಇನ್ನೊಂದು ನನ್ನ ಕೈಯಲ್ಲಿ. ನಾನು ಬೆರಳಿಟ್ಟು ಹಿಂಬಾಲಿಸಿದೆ.

ಎಂಥ ಓದು! ಎಪ್ಪತ್ತೆಂಟು ವರ್ಷದ ಗಂಟಲಿನಲ್ಲಿ ಒಂದು ಸ್ವರವೂ ಸೋಲುತ್ತಿರಲಿಲ್ಲ. ಇಮ್ಮಡಿ ಅಕ್ಷರದ ಮೇಲೆ ಅವರ ದನಿ ಒಂದು ಕ್ಷಣ ಕೂತು, ಮತ್ತೆ ಏಳುತ್ತಿತ್ತು. ಮೂರನೆಯ ಪಾಠ, ತೋಟದ ಮಾಲಿಯದು. ಮಾಲಿ ಹೇಳಿದ ಮಾತನ್ನು ನೆರೆಯವನು ನಂಬಲಿಲ್ಲ. ‘ಕದ್ದಬ’ ಎಂದು ಓದಿದರು ದೊಡ್ಡಪ್ಪ. ನೆರೆಯವನು ಮಾಲಿಯನ್ನು ಸುಳ್ಳುಗಾರ ಎಂದ.

ನನ್ನ ಬೆರಳು ನಿಂತಿತು.

ಬೆರಳಿನಡಿ ಇದ್ದದ್ದು ‘ಕದಬ’. ಮೂರು ಫತ್ಹಾ ಇದ್ದವು. ಶದ್ದಾ ಇರಲಿಲ್ಲ. ಪುಟದ ಪ್ರಕಾರ ಸುಳ್ಳು ಹೇಳಿದವನು ನೆರೆಯವನೇ.

ಕನ್ನಡಕ ಒರೆಸಿದೆ. ನನ್ನ ಪ್ರತಿಯಲ್ಲಿ ಶಾಯಿ ಹತ್ತಿಲ್ಲವೇನೋ ಎಂದುಕೊಂಡು ಬಗ್ಗಿ ಅವರ ಪ್ರತಿ ನೋಡಿದೆ. ಅಲ್ಲೂ ಇಲ್ಲ. ದೊಡ್ಡಪ್ಪ ಆಗಲೇ ಎರಡು ಸಾಲು ಮುಂದಿದ್ದರು. ‘ಬೈತಿನ್’ ಎಂದರು, ‘ಒಂದು ಮನೆಯಲ್ಲಿ’. ಪುಟದಲ್ಲಿ ಕೆಳಗಿನ ಗೀರು ಒಂದೇ ಇತ್ತು, ‘ಬೈತಿ’. ಹಾಗೆ ಓದಿದರೆ ಆ ಪದ ‘ಯಾರದೋ ಮನೆಯಲ್ಲಿ’ ಎಂದು ಮುಂದಿನ ಪದದ ಕಡೆ ಕೈ ಚಾಚುತ್ತದೆ. ದೊಡ್ಡಪ್ಪನ ನಾಲಿಗೆ ಇಲ್ಲದ ಗೀರನ್ನು ಓದಿಕೊಂಡು ಹೋಗಿತ್ತು.

ಪಾಠ ಮುಗಿಯುವಷ್ಟರಲ್ಲಿ ಇಂಥವು ನಾಲ್ಕಾದವು. ಅವರು ಕೆಂಪು ಪೆನ್ನಿನ ಮುಚ್ಚಳ ತೆಗೆದು ಪುಟದ ಮೂಲೆಯಲ್ಲಿ ಸಹಿ ಹಾಕಿದರು.

ಈ ಫೈಲನ್ನು ಚುಕ್ಕಿ ಇನ್ನೂ ಕಣ್ಣಿನಿಂದ ಕಂಡೇ ಇರಲಿಲ್ಲ.

ನೀರು ಕುಡಿದು ಬರುತ್ತೇನೆಂದು ಎದ್ದು ಅಕ್ಷರ ಜೋಡಿಸುವವಳ ಮೇಜಿಗೆ ಹೋಗಿ ಆ ಹಳೆಯ ಪುಸ್ತಕ ತೆಗೆದೆ. ಮೂವತ್ತು ವರ್ಷದ ಹಿಂದಿನದು, ದೊಡ್ಡಪ್ಪ ಸ್ವತಃ ಕರಡು ತಿದ್ದಿದ್ದು. ಇದಕ್ಕಿಂತ ಶುದ್ಧವಾದದ್ದು ಭೂಮಿಯ ಮೇಲಿಲ್ಲ ಎಂದು ಅವರೇ ಕೊಟ್ಟದ್ದು. ಆದರೆ ಮಾಸಿದ ಗೆರೆಗಳನ್ನು ನೋಡಿದರೆ ಅದು ಪ್ಲೇಟು ಸವೆದ ಮೇಲೆ ಕೊನೆಯಲ್ಲಿ ಅಚ್ಚಾದ ಪ್ರತಿಯೆಂದು ಗೊತ್ತಾಗುತ್ತಿತ್ತು. ಪ್ಲೇಟು ಸವೆಯುವಾಗ ದಪ್ಪ ಅಕ್ಷರಕ್ಕೆ ಏನೂ ಆಗುವುದಿಲ್ಲ. ಎಲ್ಲಕ್ಕಿಂತ ತೆಳುವಾದದ್ದು ಮೊದಲು ಹೋಗುತ್ತದೆ. ಶದ್ದಾದ ಹಲ್ಲುಗಳು, ಜೋಡಿ ಗೀರಿನಲ್ಲಿ ಒಂದು. ಅರಬಿ ಬಾರದ ಆ ಹೆಣ್ಣುಮಗಳು ಕಂಡದ್ದನ್ನೆಲ್ಲ ಹಾಕಿದ್ದಳು, ಕಾಣದ್ದನ್ನು ಬಿಟ್ಟಿದ್ದಳು. ಬಲ್ಲ ದೊಡ್ಡಪ್ಪ ಕಾಣದ್ದನ್ನೂ ಓದಿದ್ದರು. ಬಾಯಿಪಾಠವಾದ ಪುಟವನ್ನು ಕಣ್ಣು ನೋಡುವುದಿಲ್ಲ, ಸುಮ್ಮನೆ ಹಾಜರಿ ಹಾಕಿ ಹೋಗುತ್ತದೆ.

ಪುಸ್ತಕ ಹಿಡಿದು ಅಲ್ಲೇ ನಿಂತೆ. ಮಾಲೀಕರ ಕೋಣೆ ಹತ್ತು ಹೆಜ್ಜೆ ದೂರ. ಹೋಗಿ ಹೇಳಿದರೆ ಚುಕ್ಕಿಯ ಕೆಲಸ ಉಳಿಯುತ್ತದೆ, ದೊಡ್ಡಪ್ಪನ ನಲವತ್ತು ವರ್ಷ ಬೀಳುತ್ತದೆ. ಹೇಳದಿದ್ದರೆ ನಾಳೆ ಸಾಯಂಕಾಲ ಚುಕ್ಕಿ ಹೋಗುತ್ತಾನೆ. ನಿಜ ಹೇಳಬೇಕೆಂದರೆ, ಅಷ್ಟು ಹೊತ್ತಿನಲ್ಲೂ ನನ್ನ ಮನಸ್ಸಿನ ಒಂದು ಮೂಲೆ, ಮೊದಲನೆಯ ಭಾಗದಲ್ಲಿ ಅವನೂ ಒಂದೆರಡು ಅಳಿಸಿರಬಹುದಲ್ಲ ಎಂದು ಅವನನ್ನೇ ಹಿಡಿದುಕೊಂಡಿತ್ತು. ಐದು ದಿನ ಸಾಕಿದ ಸಂಶಯ ಬಾಗಿಲು ತೆಗೆದರೂ ಹೊರಗೆ ಹೋಗಲೊಲ್ಲದು.

ಮಾಲೀಕರ ಕೋಣೆಗೆ ಹೋಗಲಿಲ್ಲ. ದೊಡ್ಡಪ್ಪನ ಹತ್ತಿರ ವಾಪಸು ಬಂದೆ.

“ದೊಡ್ಡಪ್ಪಾ, ಒಂದು ಕೆಲಸ ಮಾಡ್ತೀರಾ? ಈ ಪಾಠಾನ ಕೊನೇ ಪದದಿಂದ ಹಿಂದಕ್ಕೆ ಓದಿ. ಒಂದೊಂದೇ ಪದ.”

“ಹಿಂದಕ್ಕಾ? ಯಾಕೆ, ನನಗೇನು ದೆವ್ವ ಹಿಡಿದಿದೆಯಾ?”

“ಶಾಲೆಯಲ್ಲಿ ನನ್ನ ಕನ್ನಡ ಕರಡು ಹಾಗೇ ನೋಡ್ತಿದ್ದೆ. ಅರ್ಥ ಅಡ್ಡ ಬರಲ್ಲ.”

“ಅರ್ಥ ಅಡ್ಡ ಬರುತ್ತೆ ಅಂದ ಮೊದಲನೇ ಟೀಚರ್ ನೀನು,” ಎಂದು ನಕ್ಕರು. ಆದರೂ ನನ್ನ ಮಾತಿಗೆ ಒಪ್ಪಿದರು. ಒಂದು ರಟ್ಟಿನ ತುಂಡಿನಲ್ಲಿ ಪದದಷ್ಟೇ ಕಿಂಡಿ ಕತ್ತರಿಸಿ ಕೊಟ್ಟೆ. ಕಿಂಡಿಯಲ್ಲಿ ಒಂದು ಪದ ಮಾತ್ರ ಕಾಣುತ್ತದೆ, ಅಕ್ಕಪಕ್ಕದವರು ಯಾರೂ ಕಾಣುವುದಿಲ್ಲ.

ಮೊದಲು ಸಲೀಸಾಗಿ ಹೋಯಿತು. ಆಮೇಲೆ ದನಿಯ ರಾಗ ತಾನಾಗಿ ಕಳಚಿತು. ಅಂಗಡಿಯವನು ಸಾಮಾನು ಎಣಿಸುವ ಹಾಗೆ ಪದ ಎಣಿಸತೊಡಗಿದರು. ಕಿಂಡಿ ‘ಬೈತಿ’ಯ ಮೇಲೆ ಬಂತು.

“ಬೈತಿ...” ಎಂದರು. ರಟ್ಟನ್ನು ಕಣ್ಣಿನ ಹತ್ತಿರ ಎಳೆದುಕೊಂಡರು. “ಇಲ್ಲಿ ಇನ್ನೊಂದು ಗೀರೆಲ್ಲಿ?”

ಅವರು ಮತ್ತೂ ಹಿಂದಕ್ಕೆ ಹೋದರು. ‘ಕದಬ’ ಬಂತು. ಈ ಸಲ ಓದಲಿಲ್ಲ. ಕಿಟಕಿಯ ಬೆಳಕಿಗೆ ಹಿಡಿದರು, ಉಗುರಿನಿಂದ ಮುಟ್ಟಿ ನೋಡಿದರು, ಶದ್ದಾ ಕಾಗದದೊಳಗೆ ಎಲ್ಲೋ ಅಡಗಿ ಕೂತಿದೆ ಎಂಬಂತೆ. ನಾನು ಹಳೆಯ ಪುಸ್ತಕದ ಅದೇ ಪುಟ ತೆರೆದು ಮುಂದಿಟ್ಟೆ. ಅಲ್ಲಿಯೂ ಅಕ್ಷರದ ಮೇಲೆ ಬರೀ ಫತ್ಹಾ, ಎರಡರ ನಡುವೆ ಬಿಳಿ ಜಾಗ.

“ಈಗ ತಾನೇ ಇದನ್ನ ಒತ್ತಿ ಓದಿದೆನಲ್ಲ ತಂಗೀ.”

“ಹೌದು.”

“ನೀನು ಕೇಳಿದೆ.”

“ಕೇಳಿದೆ.”

“ಮೊದಲನೇ ಭಾಗದ್ದೂ ಹೀಗೇ.” ಅದು ಪ್ರಶ್ನೆಯಾಗಿರಲಿಲ್ಲ. ಜೇಬಿನಿಂದ ಬೀಗದ ಕೈ ತೆಗೆದು ನನ್ನ ಮುಂದೆ ಇಟ್ಟರು. “ಬೀರು ತೆಗಿ. ನೀನೇ ನೋಡು.”

ಸಹಿಯಾದ ಕರಡು ಮೇಲೆಯೇ ಇತ್ತು. ಶಾಲೆಯ ಕಾಗದದಲ್ಲಿದ್ದ ಪಟ್ಟಿ ಹಿಡಿದು ಇಬ್ಬರೂ ನೋಡಿದೆವು. ಹದಿನಾಲ್ಕರಲ್ಲಿ ಹದಿನಾಲ್ಕೂ ಕರಡಿನಲ್ಲೇ ಇರಲಿಲ್ಲ. ಪ್ರತಿ ಪುಟದ ಮೂಲೆಯಲ್ಲಿ ಅವರ ಕೆಂಪು ಸಹಿ ಮಾತ್ರ ಒಂದು ಗೀರೂ ತಪ್ಪದೆ ಇತ್ತು. ಆಗ ನನ್ನ ಮನಸ್ಸಿನ ಆ ಮೂಲೆಯೂ ಖಾಲಿಯಾಯಿತು.

“ಇದಕ್ಕೆ ಯಾರ ತಲೆ ಹೋಗ್ತಿತ್ತು?” ಎಂದು ಕೇಳಿದರು.

“ಚುಕ್ಕಿಯದು. ನಾಳೆ.”

“ನನಗ್ಯಾರೂ ಹೇಳಲಿಲ್ಲ.”

“ನಿಮ್ಮನ್ನ ಯಾರು ಕೇಳ್ತಾರೆ ದೊಡ್ಡಪ್ಪಾ? ನಿಮ್ಮ ಸಹಿ ನೋಡಿದ ಮೇಲೇ ಎಲ್ಲರೂ ಬೇರೆಯವರ ಮುಖ ನೋಡೋಕೆ ಶುರು ಮಾಡಿದ್ದು. ನಾನೂ.”

ಅವರು ಕರಡನ್ನೂ ಹಳೆಯ ಪುಸ್ತಕವನ್ನೂ ಎದೆಗೆ ಒತ್ತಿಕೊಂಡು ಮಾಲೀಕರ ಕೋಣೆಗೆ ನಡೆದರು. ಬಾಗಿಲು ಮುಚ್ಚಿಕೊಳ್ಳಲಿಲ್ಲ. ಎಲ್ಲರಿಗೂ ಕೇಳಲಿ ಎಂದೇ ಇರಬೇಕು. “ಮಕ್ಕಳ ಮುಂದೆ ಓದೋ ಹಾಗೆ ಓದಿಬಿಟ್ಟೆ. ಮಕ್ಕಳ ಹಾಗೆ ಓದಬೇಕಿತ್ತು. ಕೆಳಗಿನವನದು ಏನೂ ತಪ್ಪಿಲ್ಲ,” ಎಂಬುದು ನನ್ನ ಕಿವಿಗೂ ಬಿತ್ತು. ಮಾಲೀಕರು, “ಬಿಡಿ ದೊಡ್ಡಪ್ಪಾ, ವಯಸ್ಸು...” ಎಂದೇನೋ ಶುರುಮಾಡಿದರು. “ವಯಸ್ಸಲ್ಲಪ್ಪ. ಗೊತ್ತು ಅನ್ನೋ ಸೊಕ್ಕು. ಎರಡನೇ ಭಾಗ ನಾನೇ ಹಿಂದಿನಿಂದ ಓದ್ತೀನಿ. ಅದಾದ ಮೇಲೆ ಇಟ್ಕೋತೀಯೋ ಬಿಡ್ತೀಯೋ ನೋಡು.”

ನಾನು ಕೆಳಗಿಳಿದು ಹೋದೆ. ಚುಕ್ಕಿ ಪ್ಲೇಟು ತೊಳೆಯುತ್ತಿದ್ದ.

“ನಿನ್ನ ಮೇಲೆ ಅನುಮಾನ ಪಟ್ಟಿದ್ದೆ. ತಪ್ಪಾಯ್ತು,” ಎಂದೆ.

“ಗೊತ್ತಿತ್ತು ಟೀಚರಮ್ಮ. ಸೋಮವಾರದಿಂದ ನೀವು ‘ಬದುಕಿರಪ್ಪಾ’ ಅನ್ನೋದು ನಿಲ್ಲಿಸಿದ್ರಿ.” ನಲ್ಲಿ ನಿಲ್ಲಿಸಿದ. “ಯಾರ ಕೈಲಿ ಹೋಗಿತ್ತಂತೆ ಕೊನೇಗೆ?”

ಹೇಳಿದೆ. ಅವನ ಮುಖದಲ್ಲಿ ಗೆದ್ದೆನೆಂಬ ಸುಳಿವು ಹುಡುಕಿದೆ, ಅದೂ ಸಂಶಯದ ಅಭ್ಯಾಸವೇ. ಸಿಗಲಿಲ್ಲ. “ಅಯ್ಯೋ,” ಎಂದಷ್ಟೇ ಅಂದು, ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಂಡು ಮೆಟ್ಟಿಲಿನ ಕಡೆ ನೋಡಿದ. ನನ್ನ ಜೊತೆ ಮತ್ತೆ ಮಾತಾಡಲಿಲ್ಲ. ಆಡಬೇಕೆಂದು ಕೇಳುವ ಹಕ್ಕು ನನಗೂ ಇರಲಿಲ್ಲ.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಎದ್ದರು. ದೊಡ್ಡಪ್ಪ ಏಳಲಿಲ್ಲ. ಕಿಟಕಿಯ ಹತ್ತಿರ ಕೂತು, ರಟ್ಟಿನ ಕಿಂಡಿ ಸರಿಸುತ್ತ, ಹಿಂದಿನಿಂದ ಮುಂದಕ್ಕೆ ಬರುತ್ತಿದ್ದರು. ತುಟಿ ಮಾತ್ರ ಅಲುಗುತ್ತಿತ್ತು. ಪ್ರತಿ ಪದಕ್ಕೂ ಬೆರಳು ಮೇಲೊಮ್ಮೆ ಕೆಳಗೊಮ್ಮೆ ಹೋಗುತ್ತಿತ್ತು. ಎರಡು ಸಲ ಕರೆದೆ. “ನೀನು ಹೋಗು ತಂಗೀ, ಇದೊಂದು ಪಾಠ,” ಎಂದರು. ಎರಡು ಗಂಟೆ ಕಳೆದರೂ ಅದೊಂದು ಪಾಠ ಮುಗಿಯಲಿಲ್ಲ. ಹಳೆಯ ಸಹಿಯ ಮೇಲೆ ಒಂದು ಗೆರೆ ಎಳೆದಿದ್ದರು. ಹೊಸ ಸಹಿ ಇನ್ನೂ ಹಾಕಿರಲಿಲ್ಲ.

ಮೆಟ್ಟಿಲ ಮೇಲೆ ಹೆಜ್ಜೆ ಕೇಳಿಸಿತು. ಚುಕ್ಕಿ ಬಂದ. ನನ್ನ ಕಡೆ ನೋಡಲಿಲ್ಲ. ಶಾಯಿಯ ಕಲೆಯಿದ್ದ ಬೆರಳು ತಾಗದಂತೆ ಅಂಗೈಯ ಹಿಂಬದಿಯಿಂದ ಕರಡನ್ನು ಮೆಲ್ಲಗೆ ಆಚೆ ಸರಿಸಿ, ದೊಡ್ಡಪ್ಪನ ಮೊಣಕೈ ಹತ್ತಿರ ತನ್ನ ಊಟದ ಡಬ್ಬಿ ಇಟ್ಟು, ಮುಚ್ಚಳ ತೆಗೆದ.